ವಾರಕ್ಕೊಂದು ಸಂತೆ, ವಾರಕ್ಕೊಂದು ಪೋಸ್ಟ್

ನಮ್ಮ ಚಿಕ್ಕಪ್ಪನದು ಮದ್ದೂರಿನ ಹತ್ತಿರ ಒಂದು ಸಣ್ಣ ಆಲೆಮನೆ. ಕೆಮಿಕಲ್ ಹಾಕದ ಬೆಲ್ಲ ಮಾಡ್ತಾರೆ. ಹೋದ ವರ್ಷ ದಸರಾ ರಜೆಯಲ್ಲಿ ನಾನು ಅವರಿಗೊಂದು ಇನ್‌ಸ್ಟಾಗ್ರಾಂ ಪೇಜ್ ಮಾಡಿಕೊಟ್ಟೆ. "ದಿನಕ್ಕೊಂದು ರೀಲ್ ಹಾಕಿದ್ರೆ ಮೂರು ತಿಂಗಳಲ್ಲಿ ಪೇಜ್ ಎದ್ದುಬಿಡುತ್ತೆ" ಅಂತ ಯಾವುದೋ ವಿಡಿಯೋದಲ್ಲಿ ನೋಡಿದ್ದೆ. ಅದನ್ನೇ ನಂಬಿ ಶುರುಮಾಡಿದೆ.

ಮೊದಲ ಹನ್ನೊಂದು ದಿನ ಭರ್ಜರಿಯಾಗಿ ನಡೀತು, ಯಾಕೆಂದರೆ ನಾನು ಊರಲ್ಲೇ ಇದ್ದೆ. ಕಾಲೇಜಿಗೆ ವಾಪಸ್ ಬಂದಮೇಲೆ ವಿಡಿಯೋ ಖಾಲಿ. ಹಳೇ ಕ್ಲಿಪ್‌ಗೇ ಬೇರೆ ಬೇರೆ ಹಾಡು ಹಾಕಿದೆ. ಆಮೇಲೆ ಶುಭೋದಯದ ಚಿತ್ರ, ಯಾವುದೋ ದಿನಾಚರಣೆಯ ಪೋಸ್ಟರ್. ಚಿಕ್ಕಪ್ಪ ಫೋನ್ ಮಾಡಿ, "ಏನ್ಲಾ ಮಗ, ನಾವು ಬೆಲ್ಲ ಮಾರ್ತಿದೀವೋ ಕ್ಯಾಲೆಂಡರ್ ಮಾರ್ತಿದೀವೋ?" ಅಂದ್ರು. ಹತ್ತೊಂಬತ್ತನೇ ದಿನ ಇಂಟರ್ನಲ್ಸ್ ಬಂತು, ಎಲ್ಲ ನಿಂತುಹೋಯ್ತು.

ನಿಂತದ್ದು ದೊಡ್ಡ ನಷ್ಟ ಅಲ್ಲ. ಬೆಂಗಳೂರಿನ ಒಬ್ಬರು ಗೃಹಪ್ರವೇಶಕ್ಕೆ 20 ಕೆ.ಜಿ. ಅಚ್ಚು ಬೆಲ್ಲ ಬೇಕು ಅಂತ ಮೆಸೇಜ್ ಹಾಕಿದ್ರು. ನಾನು ಅದನ್ನ ನೋಡಿದ್ದು ಒಂಬತ್ತು ದಿನ ಆದಮೇಲೆ. ಅಷ್ಟರಲ್ಲಿ ಅವರು ಬೇರೆ ಕಡೆ ತಗೊಂಡಿದ್ರು. ಪೋಸ್ಟ್ ಹಾಕೋದೇ ಕೆಲಸ ಅಂದುಕೊಂಡು, ಪೋಸ್ಟ್ ಯಾಕೆ ಹಾಕ್ತಿದೀವಿ ಅನ್ನೋದನ್ನೇ ಮರೆತಿದ್ದೆ. ಅದಕ್ಕೇ ನನ್ನ ವಾದ ಇದು: ಸಣ್ಣ ವ್ಯಾಪಾರ ಎಷ್ಟು ದಿನಕ್ಕೊಮ್ಮೆ ಪೋಸ್ಟ್ ಹಾಕಬೇಕು ಅನ್ನೋದನ್ನ ಆಸೆಯಿಂದ ನಿರ್ಧರಿಸಬಾರದು. ನಮ್ಮ ಅತಿ ಕೆಟ್ಟ ವಾರದಲ್ಲಿ ಎಷ್ಟು ಗಂಟೆ ಉಳಿಯುತ್ತೆ ಅನ್ನೋದರಿಂದ ಲೆಕ್ಕ ಶುರುಮಾಡಬೇಕು.

ಲೆಕ್ಕ ಮಾಡೋಕೆ ನಮಗೇನು ಕಷ್ಟ? ಒಂದು ರೀಲ್‌ಗೆ ನಿಜವಾಗಿ ಹಿಡಿಯೋ ಸಮಯ ಬರೆದಿಟ್ಟೆ. ಶೂಟಿಂಗ್ 45 ನಿಮಿಷ, ಎಡಿಟಿಂಗ್ 75 ನಿಮಿಷ, ಬರವಣಿಗೆಗೆ 20 ನಿಮಿಷ. ಒಟ್ಟು 2 ಗಂಟೆ 20 ನಿಮಿಷ. ಮೆಸೇಜ್‌ಗೆ ಉತ್ತರ ಕೊಡೋದು, ಪಾರ್ಸೆಲ್ ಎಲ್ಲಿದೆ ನೋಡೋದು ದಿನಕ್ಕೆ 20 ನಿಮಿಷ ಅಂದ್ರೆ ವಾರಕ್ಕೆ ಮತ್ತೆ 2 ಗಂಟೆ 20 ನಿಮಿಷ. ಮಾಮೂಲಿ ವಾರದಲ್ಲಿ ನನ್ನ ಹತ್ತಿರ 6 ಗಂಟೆ ಇರುತ್ತೆ, ಇಂಟರ್ನಲ್ಸ್ ವಾರದಲ್ಲಿ ಬರೀ ಎರಡೂವರೆ.

ಇಲ್ಲಿ ಉತ್ತರ ಕೊಡೋ ಸಮಯವನ್ನ ಮೊದಲು ಕಳೆಯಬೇಕು, ಅದು ಬಂದ ಗಿರಾಕಿಯ ಸಮಯ. ಹಾಗೆ ಕಳೆದರೆ ಇಂಟರ್ನಲ್ಸ್ ವಾರದಲ್ಲಿ ಉಳಿಯೋದು ಹತ್ತು ನಿಮಿಷ. ಮಾಮೂಲಿ ವಾರದಲ್ಲಿ ಒಂದು ರೀಲ್ ಮುಗಿಸಿ 1 ಗಂಟೆ 20 ನಿಮಿಷ ಉಳಿಯುತ್ತೆ. 16 ವಾರದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್, ಲ್ಯಾಬ್ ಎಕ್ಸಾಂ ಸೇರಿ 4 ವಾರ ಕೆಟ್ಟವು ಅಂತಿಟ್ಟುಕೊಳ್ಳಿ. ಉಳಿದ 12 ವಾರದಲ್ಲಿ 12 ರೀಲ್ ಆಯ್ತು, ಮಿಕ್ಕ ಸಮಯ ಕೂಡಿಸಿದರೆ 16 ಗಂಟೆ, ಅದರಲ್ಲಿ ಇನ್ನೂ 6 ರೀಲ್ ಆಗುತ್ತೆ. ಒಟ್ಟು 18. ವಾರಕ್ಕೊಂದು ಹಾಕೋಕೆ ಬೇಕಾದದ್ದು 16. ಎರಡು ಕೈಯಲ್ಲಿ ಉಳಿಯುತ್ತೆ. ವಾರಕ್ಕೆರಡು ಅಂದ್ರೆ 32 ಬೇಕು, ಆಗಲ್ಲ. ದಿನಕ್ಕೊಂದು ಅಂದ್ರೆ 112. ನಾನು ಹೊರಟಿದ್ದು ಅದಕ್ಕೆ!

ಈ ಲೆಕ್ಕದಲ್ಲಿ ದಾಸ್ತಾನು ಮುಖ್ಯ. ತಿಂಗಳಿಗೊಮ್ಮೆ ಊರಿಗೆ ಹೋದಾಗ ನಾಲ್ಕು ರೀಲ್‌ಗಾಗುವಷ್ಟು ಒಟ್ಟಿಗೆ ತೆಗೆದುಕೊಂಡು ಬರ್ತೀನಿ. ಯಾವಾಗಲೂ ಎರಡಾದರೂ ಸಿದ್ಧವಾಗಿ ಇರಬೇಕು. ಯಾಕೆಂದರೆ ತೊಂದರೆ ನನ್ನ ಪರೀಕ್ಷೆಯಿಂದ ಮಾತ್ರ ಬರಲ್ಲ. ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗಲ್ಲ, ಸಿಪ್ಪೆ ಒಣಗದಿದ್ದರೆ ಒಲೆ ಉರಿಯಲ್ಲ, ಆಲೆಮನೆಯೇ ನಿಲ್ಲುತ್ತೆ.

ಸಮಯ ಇದ್ದರೂ ಹೇಳೋಕೆ ಏನಾದರೂ ಇರಬೇಕಲ್ಲ? ಚಿಕ್ಕಪ್ಪನ ವಾಟ್ಸಾಪ್‌ನಲ್ಲಿ ಗಿರಾಕಿಗಳು ಕೇಳಿದ ಪ್ರಶ್ನೆಗಳನ್ನ ಪಟ್ಟಿ ಮಾಡಿದೆ. ಒಂದೇ ತರದ್ದನ್ನ ತೆಗೆದಮೇಲೆ ಹದಿನಾಲ್ಕು ಉಳಿದವು. ಒಂದು ಪ್ರಶ್ನೆಗೆ ಒಂದು ರೀಲ್. ಹೆಚ್ಚು ಜನ ಕೇಳಿದ್ದು, "ನಿಮ್ಮ ಬೆಲ್ಲ ಯಾಕೆ ಇಷ್ಟು ಕಪ್ಪು?" ಅಂತ. ಅದಕ್ಕೆ ಚಿಕ್ಕಮ್ಮ ಕೊಪ್ಪರಿಗೆ ಪಕ್ಕ ನಿಂತು ಉತ್ತರ ಕೊಟ್ರು: ಬೆಂಡೆ ಗಿಡದ ಲೋಳೆ ಹಾಕಿದಾಗ ಕೊಳೆ ನೊರೆಯಾಗಿ ಮೇಲೆ ಬರೋದು, ಅದನ್ನ ತೆಗೆಯೋದು, ಪಾಕದ ಹನಿಯನ್ನ ತಣ್ಣೀರಿಗೆ ಬಿಟ್ಟು ಹದ ನೋಡೋದು. ಕೊನೆಗೆ, "ಹೈಡ್ರೋಸ್ ಹಾಕಿದ್ರೆ ಹಳದಿ ಬತ್ತದೆ, ನಾವು ಹಾಕಲ್ಲ, ಅದಕ್ಕೇ ಈ ಬಣ್ಣ" ಅಂದ್ರು. ಆ ಒಂದೇ ರೀಲ್ ನೋಡಿ ಬಂದ ಆರ್ಡರ್, ಮೊದಲು ಹಾಕಿದ ಹತ್ತೊಂಬತ್ತು ಪೋಸ್ಟಿಗೂ ಬಂದಿರಲಿಲ್ಲ. ಈಗಲೂ ಯಾರಾದರೂ ಬಣ್ಣ ಕೇಳಿದರೆ ಅದನ್ನೇ ಕಳಿಸ್ತೀವಿ. ಶುಭೋದಯದ ಚಿತ್ರವನ್ನ ಎರಡನೇ ಸಲ ಯಾರಿಗೆ ಕಳಿಸೋಕಾಗುತ್ತೆ?

"ಆಲ್ಗರಿದಮ್‌ಗೆ ದಿನಾ ಊಟ ಹಾಕಬೇಕು" ಅಂತ ನನ್ನ ರೂಮ್‌ಮೇಟ್ ವಾದ. ಹೆಚ್ಚು ಪೋಸ್ಟ್ ಹಾಕಿದರೆ ಯಾವುದಾದರೊಂದು ಓಡೋ ಅವಕಾಶ ಹೆಚ್ಚು ಅನ್ನೋದನ್ನ ಒಪ್ತೀನಿ. ಆದರೆ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೆರಿ ಅವರೇ ಮುಖ್ಯ ಅಂತ ಹೇಳಿರೋದು ಜನ ಎಷ್ಟು ಹೊತ್ತು ನೋಡಿದ್ರು, ಲೈಕ್ ಮಾಡಿದ್ರಾ, ಬೇರೆಯವರಿಗೆ ಕಳಿಸಿದ್ರಾ ಅನ್ನೋದನ್ನ. ಅರ್ಧಕ್ಕೇ ಬಿಟ್ಟುಹೋಗುವ ರೀಲನ್ನ ದಿನಾ ಹಾಕಿದರೆ ಈ ಮೂರರಲ್ಲಿ ಯಾವುದೂ ಸಿಗಲ್ಲ.

ವಾರಕ್ಕೊಂದು ಅನ್ನೋದು ಎಲ್ಲರ ಉತ್ತರವೂ ಅಲ್ಲ. ಮಂಡ್ಯದ ಮೆಸ್‌ನಲ್ಲಿ ಇವತ್ತಿನ ಸಾರು ಏನು ಅನ್ನೋದು ದಿನಾ ಹೇಳಬೇಕಾದ ಮಾತೇ. ಆದರೆ ಅದು ಎರಡು ನಿಮಿಷದ ಸ್ಟೇಟಸ್, ರೀಲ್ ಬೇಡ. ನಾವೂ "ಇವತ್ತು ಬೆಲ್ಲ ಇದೆ" ಅಂತ ಸ್ಟೇಟಸ್ಸೇ ಹಾಕ್ತೀವಿ. ಮಳವಳ್ಳಿಯ ನನ್ನ ಫ್ರೆಂಡ್ ಅಮ್ಮ ಬ್ಲೌಸ್ ಹೊಲೀತಾರೆ, ಅವರಿಗೆ ಹದಿನೈದು ದಿನಕ್ಕೊಂದು ಸರಿಹೋಗಿದೆ. ದೀಪಾವಳಿ ಹತ್ತಿರ ಬಂದರೆ ಅವರು ಪೋಸ್ಟ್ ಹಾಕೋದನ್ನೇ ನಿಲ್ಲಿಸ್ತಾರೆ. ಹೊಲಿಯೋಕೆ ಕೈ ಖಾಲಿ ಇಲ್ಲದಾಗ ಹೊಸ ಗಿರಾಕಿಯನ್ನ ಕರೆದು "ಆಗಲ್ಲ" ಅನ್ನೋದು ಯಾಕೆ?

ನಿಮ್ಮ ಮನೆಯಲ್ಲೂ ಅಂಗಡಿಯೋ ಹೋಟೆಲೋ ಇದ್ದು, ಪೇಜ್ ನಿಮ್ಮ ತಲೆಗೆ ಬಂದಿದ್ದರೆ, ಎಂಟು ವಾರ ಒಂದೇ ಲೆಕ್ಕದಲ್ಲಿ ನಡೆಸಿ ನೋಡಿ. ಮೆಸೇಜ್‌ಗೆ ಉತ್ತರ ಒಂದು ದಿನಕ್ಕಿಂತ ತಡವಾದರೆ, ಅಥವಾ ದಾಸ್ತಾನು ಎರಡಕ್ಕಿಂತ ಕೆಳಗೆ ಇಳಿದರೆ ನೀವು ಜಾಸ್ತಿ ಹಾಕ್ತಿದೀರ. "ಈಗ್ಲೂ ಮಾಡ್ತಿದೀರಾ?" ಅಂತ ಜನ ಕೇಳಿದರೆ ಕಮ್ಮಿ ಹಾಕ್ತಿದೀರ.

ನಮ್ಮದು ಈಗ ಪ್ರತಿ ಭಾನುವಾರ ಸಂಜೆ. ಊರ ಸಂತೆ ದಿನಾ ನಡೆಯಲ್ಲ, ಆದರೂ ಯಾವ ವಾರ ಅಂತ ಎಲ್ಲರಿಗೂ ಗೊತ್ತಿರುತ್ತೆ. ಚಿಕ್ಕಪ್ಪನಿಗೆ ಈ ಲೆಕ್ಕ ಬಿಡಿಸಿ ಹೇಳಿದಾಗ ಅವರಂದಿದ್ದು ಇಷ್ಟೇ: "ಕೊಪ್ಪರಿಗೆ ಹಿಡಿಯೋವಷ್ಟೇ ಹಾಲು ಹುಯ್ಯಬೇಕು ಕಣ್ಲಾ, ಇದಕ್ಕೆ ಇಂಜಿನಿಯರಿಂಗ್ ಓದ್ಬೇಕಿತ್ತಾ?"