ನೆರಳಿಗೆ ಎಷ್ಟು ಶಾಯಿ?

ಆಫ್‌ಸೆಟ್ ಯಂತ್ರಕ್ಕೆ ಅರೆಪಾರದರ್ಶಕ ಎನ್ನುವುದೇ ಗೊತ್ತಿಲ್ಲ. ಕಾಗದದ ಮೇಲೆ ಒಂದು ಜಾಗದಲ್ಲಿ ಶಾಯಿಯ ಚುಕ್ಕೆ ಬೀಳುತ್ತದೆ, ಇಲ್ಲವೇ ಬೀಳುವುದಿಲ್ಲ. ಪರದೆಯ ಮೇಲೆ ಪುಸ್ತಕದ ಹೆಸರಿನ ಹಿಂದೆ ನಾವು ಹಾಸುವ ಮೆತ್ತನೆಯ ನೆರಳು, ಚಿತ್ರದ ಮೇಲೆ ಎಳೆಯುವ ತೆಳು ಬಣ್ಣದ ಪಟ್ಟಿ, ಅಂಚಿನಲ್ಲಿ ಕರಗುವ ಫೋಟೋ, ಇವೆಲ್ಲ ಪ್ಲೇಟಿಗೆ ಹೋಗುವ ಮೊದಲು ಸಯಾನ್, ಮಜೆಂತಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ನಿಖರ ಪ್ರಮಾಣಗಳಾಗಿ ಬದಲಾಗಲೇಬೇಕು. ಆ ಲೆಕ್ಕವನ್ನು ಯಾರು, ಎಲ್ಲಿ, ಯಾವ ಕ್ರಮದಲ್ಲಿ ಮಾಡುತ್ತಾರೆ ಎನ್ನುವುದು ಪುಟದ ಹಣೆಬರಹವನ್ನು ಬರೆಯುತ್ತದೆ. ಆ ಲೆಕ್ಕ ಪುಟ ಕಟ್ಟಿದವರ ಕಣ್ಣೆದುರೇ ಆಗಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಸಮಸ್ಯೆ ಹುಟ್ಟಿದ್ದು ಎರಡು ತಲೆಮಾರಿನ ತಂತ್ರಜ್ಞಾನ ಒಂದೇ ಕಾಲದಲ್ಲಿ ಎದುರಾದಾಗ. ಮುದ್ರಣಾಲಯಗಳನ್ನು ದಶಕಗಳ ಕಾಲ ನಡೆಸಿದ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯಲ್ಲಿ ಎಲ್ಲ ವಸ್ತುವೂ ಅಪಾರದರ್ಶಕ; ಮೇಲಿಟ್ಟದ್ದು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. 2000ರಲ್ಲಿ ಇಲಸ್ಟ್ರೇಟರ್ 9, ಮರುವರ್ಷ ಪಿಡಿಎಫ್ 1.4 ಆವೃತ್ತಿ ಪಾರದರ್ಶಕತೆಯನ್ನು ತಂದವು. ವಿನ್ಯಾಸಕರು ಅದನ್ನು ಕೂಡಲೇ ಬಳಸತೊಡಗಿದರು, ಪ್ಲೇಟ್ ತಯಾರಿಸುವ ಕಡೆಯ ರಿಪ್‌ಗಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಅದೇ 2001ರಲ್ಲಿ ಐಎಸ್‌ಒ 15930 ಮಾನದಂಡದ ಮೊದಲ ಭಾಗ ಹೊರಬಂತು. ಅದರಲ್ಲಿ ಹೇಳಿದ ಪಿಡಿಎಫ್/ಎಕ್ಸ್-1ಎ ಎಂಬ ಬಗೆಯ ಉದ್ದೇಶ ಒಂದೇ: ಕಡತ ಕಳಿಸಿದವರನ್ನು ಮತ್ತೊಂದು ಮಾತೂ ಕೇಳದೆ ಪ್ರೆಸ್ಸಿನವರು ಅದನ್ನು ಮುದ್ರಿಸುವಂತಿರಬೇಕು. ಹಾಗಾಗಿ ಫಾಂಟುಗಳೆಲ್ಲ ಕಡತದ ಒಳಗೇ ಇರಬೇಕು. ಬಣ್ಣ ನಾಲ್ಕು ಶಾಯಿಗಳಲ್ಲಿ, ಬೂದು ಛಾಯೆಯಲ್ಲಿ ಅಥವಾ ಸ್ಪಾಟ್ ಬಣ್ಣದಲ್ಲಿ ಮಾತ್ರ ಇರಬೇಕು, ಆರ್‌ಜಿಬಿ ಕೂಡದು. ಯಾವ ಮುದ್ರಣ ಸ್ಥಿತಿಗೆ ತಯಾರಾಗಿದೆ ಎಂಬುದನ್ನು ಕಡತವೇ ಸಾರಬೇಕು. ಪಾರದರ್ಶಕತೆ ಇರಲೇಬಾರದು. ಈ ಕೊನೆಯ ಷರತ್ತಿಗಾಗಿ ಮಾಡುವ ಕೆಲಸವನ್ನೇ ಪುಟ ಕಟ್ಟುವವರು ಫ್ಲ್ಯಾಟನ್ ಮಾಡುವುದು ಎನ್ನುತ್ತಾರೆ.

ಒಂದು ಕಥಾಸಂಕಲನದ ರಕ್ಷಾಪುಟವನ್ನು ಎದುರಿಗಿಟ್ಟುಕೊಂಡು ನೋಡೋಣ. ಹಿನ್ನೆಲೆಯಲ್ಲಿ ಸಯಾನ್ 20, ಮಜೆಂತಾ 40, ಹಳದಿ 60 ಶೇಕಡಾ ಇರುವ ಮಣ್ಣಿನ ಬಣ್ಣ, ಕಪ್ಪು ಇಲ್ಲ. ಅದರ ಮೇಲೆ ಬಿಳಿ ಅಕ್ಷರದ ಶೀರ್ಷಿಕೆ, ಶೀರ್ಷಿಕೆಯ ಹಿಂದೆ ಶುದ್ಧ ಕಪ್ಪಿನ, ಶೇಕಡಾ 50 ದಟ್ಟಣೆಯ ನೆರಳು. ನೆರಳಿನ ನಟ್ಟನಡುವೆ ಎಷ್ಟು ಶಾಯಿ ಬೀಳಬೇಕು? ನೆರಳಿನ ಬ್ಲೆಂಡಿಂಗ್ ಮೋಡ್ ‘ನಾರ್ಮಲ್’ ಆಗಿದ್ದರೆ, ಮೇಲಿನದರಲ್ಲಿ ಅರ್ಧ, ಕೆಳಗಿನದರಲ್ಲಿ ಅರ್ಧ ಸೇರುತ್ತದೆ: ಸಯಾನ್ 10, ಮಜೆಂತಾ 20, ಹಳದಿ 30, ಕಪ್ಪು 50. ಮಣ್ಣಿನ ಬಣ್ಣ ಅಲ್ಲಿ ಸೋತು ಬೂದಿಯಂತೆ ಕಾಣುತ್ತದೆ. ಮೋಡ್ ‘ಮಲ್ಟಿಪ್ಲೈ’ ಆಗಿದ್ದರೆ ಕೆಳಗಿನ ಮೂರು ಶಾಯಿಗಳು ಹಾಗೆಯೇ ಉಳಿದು ಕಪ್ಪು ಮಾತ್ರ ಮೇಲೆ ಸೇರುತ್ತದೆ: 20, 40, 60, ಜೊತೆಗೆ ಕಪ್ಪು 50. ಈಗ ಅದು ಮಣ್ಣಿನ ಮೇಲೆ ಬಿದ್ದ ನಿಜವಾದ ನೆರಳು. ಒಂದರಲ್ಲಿ ಒಟ್ಟು ಶಾಯಿ ಶೇಕಡಾ 110, ಇನ್ನೊಂದರಲ್ಲಿ 170. ನೆರಳು ಅದೇ, ದಟ್ಟಣೆಯೂ ಅದೇ. ಕಾಗದದ ಮೇಲೆ ಬರುವ ಬಣ್ಣ ಮಾತ್ರ ಬೇರೆ ಬೇರೆ.

ಇದೇ ಲೆಕ್ಕವನ್ನು ಆರ್‌ಜಿಬಿಯಲ್ಲಿ ಮಾಡಿದರೆ ಮೂರನೆಯದೊಂದು ಉತ್ತರ ಬರುತ್ತದೆ. ಆಗ ಹಿನ್ನೆಲೆಯ ಬಣ್ಣ ಮೊದಲು ಆರ್‌ಜಿಬಿಗೆ ಹೋಗುತ್ತದೆ, ಅಲ್ಲಿ ಮೂರೂ ಬೆಳಕುಗಳು ಅರ್ಧಕ್ಕಿಳಿಯುತ್ತವೆ, ಬಳಿಕ ಪ್ರೊಫೈಲಿನ ಮೂಲಕ ನಾಲ್ಕು ಶಾಯಿಗಳಿಗೆ ಮರಳುತ್ತದೆ. ಕತ್ತಲನ್ನು ಕಪ್ಪು ಶಾಯಿಯೊಂದೇ ಹೊರುವುದಿಲ್ಲ, ನಾಲ್ಕೂ ಹಂಚಿಕೊಳ್ಳುತ್ತವೆ. ಆದ್ದರಿಂದಲೇ ಇನ್‌ಡಿಸೈನ್‌ನ Edit ಮೆನುವಿನಲ್ಲಿ Transparency Blend Space ಎಂಬ ಆಯ್ಕೆ ಇದೆ. ಮುದ್ರಣದ ಪುಟಕ್ಕೆ ಅದು Document CMYK ಆಗಿರಬೇಕು. ಮೊದಲು ವೆಬ್‌ಗೆಂದು ಮಾಡಿದ ಕಡತವನ್ನೇ ಪುಸ್ತಕಕ್ಕೆ ಹೊಂದಿಸಿಕೊಂಡಾಗ ಅದು ಆರ್‌ಜಿಬಿಯಲ್ಲೇ ಉಳಿದಿರುತ್ತದೆ. ಆಗ ತೊಂದರೆ ನೆರಳಿಗಷ್ಟೇ ಅಲ್ಲ. ಅದೇ ಹರಹಿನಲ್ಲಿ ಒಂದು ಪಾರದರ್ಶಕ ವಸ್ತುವಿದ್ದರೂ ಸಾಕು, ನೆರಳಿನ ಸಂಬಂಧವೇ ಇಲ್ಲದ ವಸ್ತುಗಳೂ ಅದೇ ದಾರಿಯಲ್ಲಿ ಹೋಗಿ ಬಂದು ಬಣ್ಣ ಬದಲಿಸಬಹುದು.

ಫ್ಲ್ಯಾಟನ್ ಆಗುವಾಗ ಒಳಗೆ ನಡೆಯುವುದು ಕತ್ತರಿಸುವ ಕೆಲಸ. ವಸ್ತುಗಳು ಒಂದರ ಮೇಲೊಂದು ಬಿದ್ದ ಗಡಿಗಳನ್ನೆಲ್ಲ ತಂತ್ರಾಂಶ ಗುರುತಿಸಿ, ಪುಟವನ್ನು ಒಂದಕ್ಕೊಂದು ತಾಗಿ ಕೂರುವ ಅಪಾರದರ್ಶಕ ತುಂಡುಗಳಾಗಿ ಕೊಯ್ಯುತ್ತದೆ. ಸಾಧ್ಯವಾದ ಕಡೆ ತುಂಡು ವೆಕ್ಟರ್ ಆಗಿಯೇ ಉಳಿಯುತ್ತದೆ. ನೆರಳಿನಂತೆ ಕ್ರಮೇಣ ಕರಗುವ ಕಡೆ ಅದು ಚುಕ್ಕೆಗಳ ಚಿತ್ರವಾಗುತ್ತದೆ. ನೆರಳಿನ ಕೆಳಗೆ ಅಕ್ಷರಗಳು ಸಿಕ್ಕಿಕೊಂಡರೆ ಅವು ಫಾಂಟಿನ ಅಕ್ಷರಗಳಾಗಿ ಉಳಿಯದೆ ಬರೀ ಆಕಾರಗಳಾಗುತ್ತವೆ, ಅಥವಾ ಚಿತ್ರದಲ್ಲಿ ಕರಗಿಹೋಗುತ್ತವೆ. ಕನ್ನಡ ಪುಟಕ್ಕೆ ಇದು ಬೇಗ ತಟ್ಟುತ್ತದೆ. ಆಕಾರವಾದ ಅಕ್ಷರ ಸ್ವಲ್ಪ ದಪ್ಪಗೆ ಮುದ್ರಣವಾಗುತ್ತದೆ. ನಮ್ಮ ಒತ್ತಕ್ಷರಗಳ ಒಳಗಿನ ಕಿರಿದಾದ ಖಾಲಿ ಜಾಗ ತುಂಬಿಕೊಳ್ಳುತ್ತದೆ. ಒಂದೇ ಸಾಲಿನಲ್ಲಿ ನೆರಳು ತಾಗಿದ ಅರ್ಧ ದಪ್ಪ, ತಾಗದ ಅರ್ಧ ತೆಳು ಎಂದು ಕಂಡಾಗ ಓದುಗರು ಪ್ರೆಸ್ಸನ್ನು ಬೈಯುತ್ತಾರೆ. ತಪ್ಪು ಆದದ್ದು ಪುಟದಲ್ಲಿ. ಪರಿಹಾರ ಸರಳ: ಪಠ್ಯವನ್ನೆಲ್ಲ ಬೇರೆ ಪದರದಲ್ಲಿಟ್ಟು, ಆ ಪದರವನ್ನು ಎಲ್ಲಕ್ಕಿಂತ ಮೇಲಿಡಬೇಕು. ನೆರಳಿನ ಮೇಲೆ ಕೂತ ಅಕ್ಷರಕ್ಕೆ ಏನೂ ಆಗುವುದಿಲ್ಲ.

ಹೀಗೆ ಕೊಯ್ದ ತುಂಡುಗಳ ಸೇರುವೆಗಳಲ್ಲಿ ಪರದೆಯ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು ಕಾಣುವುದುಂಟು. ಹೆದರಬೇಕಾದ್ದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಅಕ್ರೊಬ್ಯಾಟ್‌ನಲ್ಲಿ ಪುಟವನ್ನು ಹಿಗ್ಗಿಸುತ್ತ ಹೋಗಿ. ಎಷ್ಟು ಹಿಗ್ಗಿಸಿದರೂ ಗೆರೆ ಅಷ್ಟೇ ಸಣ್ಣದಾಗಿದ್ದರೆ, Smooth line art ಆಯ್ಕೆ ತೆಗೆದ ಕೂಡಲೇ ಮಾಯವಾದರೆ, ಅದು ಪರದೆಯು ಅಂಚುಗಳನ್ನು ನಯಗೊಳಿಸುವಾಗ ಹುಟ್ಟಿದ ಭ್ರಮೆ, ಪ್ಲೇಟಿನಲ್ಲಿ ಬರುವುದಿಲ್ಲ. ಪುಟದ ಜೊತೆ ಗೆರೆಯೂ ಅಗಲವಾದರೆ ಅದು ನಿಜ. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ: ಶೀರ್ಷಿಕೆಯ ಸುತ್ತ ಮಸುಕಾಗಿ ಕಾಣುವ ಆಯತ. ನೆರಳು ಬಿದ್ದ ಭಾಗ ಚಿತ್ರವಾಗಿ, ಉಳಿದ ಹಿನ್ನೆಲೆ ವೆಕ್ಟರ್ ಆಗಿ ಹೋದಾಗ, ರಿಪ್ ಚಿತ್ರಕ್ಕೊಂದು ನಿಯಮ, ವೆಕ್ಟರಿಗೊಂದು ನಿಯಮದಲ್ಲಿ ಬಣ್ಣ ಪರಿವರ್ತಿಸಿದರೆ, ಒಂದೇ ಮಣ್ಣಿನ ಬಣ್ಣ ಎರಡಾಗಿ ಒಡೆಯುತ್ತದೆ. ಪರದೆಯಲ್ಲಿ ಕಾಣದ ಈ ಆಯತ ಮುದ್ರಣದಲ್ಲಿ ಎದ್ದು ಬರುತ್ತದೆ. ಬಣ್ಣ ಪರಿವರ್ತನೆ ಒಮ್ಮೆ, ಒಂದೇ ಗುರಿಗೆ ಆಗಿಬಿಡಬೇಕು, ಆಮೇಲೆ ಯಾರೂ ಅದನ್ನು ಮುಟ್ಟಬಾರದು ಎನ್ನುವುದು ಇದಕ್ಕೇ.

ಪರಿವರ್ತನೆಯಲ್ಲಿ ಹೆಚ್ಚು ಹಾನಿಯಾಗುವುದು ಕಪ್ಪು ಪಠ್ಯಕ್ಕೆ. ರಕ್ಷಾಪುಟದ ಹಿಂಬದಿಯಲ್ಲಿ ಹತ್ತು ಪಾಯಿಂಟಿನ ಬೆನ್ನುಡಿ ಇದೆ ಎನ್ನೋಣ. ಅದನ್ನು ಬರೆದವರು ವರ್ಡ್‌ನಲ್ಲಿ ಕಳಿಸಿದ್ದಾರೆ. ಇನ್‌ಡಿಸೈನ್‌ಗೆ ತಂದಾಗ ಬಣ್ಣಗಳ ಪಟ್ಟಿಯಲ್ಲಿ Word_R0_G0_B0 ಎಂಬ ಹೊಸ ಹೆಸರು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಕಣ್ಣಿಗೆ ಅದು ಕಪ್ಪೇ, ಆದರೆ ಆರ್‌ಜಿಬಿಯ ಕಪ್ಪು. ಅನೇಕ ಕಡೆ ಡೀಫಾಲ್ಟ್ ಆಗಿ ಉಳಿದಿರುವ U.S. Web Coated (SWOP) v2 ಪ್ರೊಫೈಲಿನಲ್ಲಿ ಅದು ಸಯಾನ್ 75, ಮಜೆಂತಾ 68, ಹಳದಿ 67, ಕಪ್ಪು 90 ಆಗುತ್ತದೆ. ಒಟ್ಟು ಶೇಕಡಾ 300 ಶಾಯಿ, ಅದೂ ಸಣ್ಣ ಅಕ್ಷರಕ್ಕೆ! ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ‘ತ್ತ’, ‘ಕ್ಷ’ಗಳ ಅಂಚಿನಲ್ಲಿ ಕೆಂಪು, ನೀಲಿ ಹಾಯುತ್ತವೆ. ಪ್ರೆಸ್ಸಿನವರು ರಿಜಿಸ್ಟರ್ ಔಟ್ ಎನ್ನುವುದು ಇದನ್ನೇ. ಶುದ್ಧ ಕಪ್ಪಿನ ಒಂದೇ ಪ್ಲೇಟಿನಲ್ಲಿದ್ದ ಅಕ್ಷರಕ್ಕೆ ಈ ಕಾಟವೇ ಇಲ್ಲ.

ಇದನ್ನು ಕಂಡುಹಿಡಿಯಲು ಕಡತ ಕಳಿಸುವ ಮೊದಲು ಅಕ್ರೊಬ್ಯಾಟ್‌ನ Output Preview ತೆರೆದು ಕಪ್ಪು ಪ್ಲೇಟನ್ನು ಮಾತ್ರ ಮರೆಮಾಡಬೇಕು. ಬೆನ್ನುಡಿ ಪೂರ್ತಿ ಮಾಯವಾದರೆ ಅದು ಶುದ್ಧ ಕಪ್ಪು. ಕಂದು ಬಣ್ಣದ ಅಕ್ಷರಗಳು ಇನ್ನೂ ನಿಂತಿದ್ದರೆ ನಾಲ್ಕು ಬಣ್ಣದ ಕಪ್ಪು. ಹಿಂದಕ್ಕೆ ಹೋಗಿ ಆ ವರ್ಡ್ ಬಣ್ಣವನ್ನು ಅಳಿಸಿ, ಅದರ ಜಾಗಕ್ಕೆ [Black] ಕೊಡಬೇಕು. ಪಿಡಿಎಫ್ ಹೊರತರುವಾಗ Convert to Destination (Preserve Numbers) ಆರಿಸಿದರೆ, ಮೊದಲೇ ನಾಲ್ಕು ಶಾಯಿಯಲ್ಲಿ ಕೊಟ್ಟ ಅಂಕಿಗಳು ಹಾಗೇ ಉಳಿದು ಆರ್‌ಜಿಬಿ ಬಣ್ಣಗಳು ಪರಿವರ್ತನೆಯಾಗುತ್ತವೆ. ಬರೀ Convert to Destination ಆರಿಸಿದಾಗ, ಕಡತದ ಪ್ರೊಫೈಲಿಗೂ ಗುರಿಯ ಪ್ರೊಫೈಲಿಗೂ ವ್ಯತ್ಯಾಸವಿದ್ದರೆ, ಶುದ್ಧ ಕಪ್ಪೂ ಒಡೆದು ನಾಲ್ಕಾಗುತ್ತದೆ. ಕಾರಣ ಇಷ್ಟೆ: ಐಸಿಸಿ ಪ್ರೊಫೈಲು ಬಣ್ಣವನ್ನು ಕಣ್ಣಿಗೆ ಕಾಣುವ ಬಣ್ಣವಾಗಿ ಮಾತ್ರ ಅಳೆಯುತ್ತದೆ. ಅದು ಎಷ್ಟು ಪ್ಲೇಟುಗಳಿಂದ ಬಂತು ಎಂಬ ನೆನಪು ನಡುವಿನ ಲೆಕ್ಕದಲ್ಲಿ ಉಳಿಯುವುದೇ ಇಲ್ಲ.

ಗುರಿಯ ಪ್ರೊಫೈಲನ್ನು ಕಾಗದ ನಿರ್ಧರಿಸುತ್ತದೆ. ನುಣುಪು ಆರ್ಟ್ ಕಾಗದಕ್ಕೆ ಬಳಸುವ ISO Coated v2 ಒಟ್ಟು ಶೇಕಡಾ 330ರವರೆಗೆ ಶಾಯಿ ಹಾಕುತ್ತದೆ. ಸುದ್ದಿಕಾಗದಕ್ಕೆಂದು ಇರುವ ISOnewspaper26v4 ನಲ್ಲಿ ಮಿತಿ 240. ಇದೇ ರಕ್ಷಾಪುಟವನ್ನು ಪತ್ರಿಕೆಯ ಜಾಹೀರಾತಿಗೆ ಕಳಿಸುವಾಗ, ಆರ್ಟ್ ಕಾಗದಕ್ಕೆಂದು ಫ್ಲ್ಯಾಟನ್ ಮಾಡಿದ ಕಡತವನ್ನೇ ಕೊಟ್ಟರೆ ಗಾಢ ಭಾಗಗಳಲ್ಲಿ ಶಾಯಿ ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಫ್ಲ್ಯಾಟನ್ ಆದ ಕಡತದಿಂದ ನೆರಳನ್ನೂ ಹಿನ್ನೆಲೆಯನ್ನೂ ಮತ್ತೆ ಬಿಡಿಸಿ ತೆಗೆಯಲು ಬಾರದು. ಆದ್ದರಿಂದ ಮೂಲ ಕಡತವನ್ನು ಹಾಗೇ ಕಾಪಾಡಿಕೊಂಡು, ಪ್ರತಿ ಕಾಗದಕ್ಕೂ ಅದರಿಂದಲೇ ಹೊಸದಾಗಿ ಹೊರತೆಗೆಯಬೇಕು.

ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯೂ ತೆರೆದು ಬಹುಕಾಲವಾಯಿತು. 2008ರಲ್ಲಿ ಅದೇ ಐಎಸ್‌ಒ 15930ರ ಏಳನೆಯ ಭಾಗವಾಗಿ ಬಂದ ಪಿಡಿಎಫ್/ಎಕ್ಸ್-4 ಪಾರದರ್ಶಕತೆಯನ್ನು ಜೀವಂತವಾಗಿಯೇ ಸಾಗಲು ಬಿಡುತ್ತದೆ, ಪ್ರೊಫೈಲ್ ಹೊತ್ತ ಆರ್‌ಜಿಬಿ ಚಿತ್ರಗಳಿಗೂ ಅವಕಾಶ ಕೊಡುತ್ತದೆ. ಕತ್ತರಿಸುವ ಕೆಲಸ ರಿಪ್‌ನಲ್ಲಿ, ಪ್ಲೇಟಿನ ನಿಜವಾದ ರೆಸಲ್ಯೂಶನ್ನಿನಲ್ಲಿ ಆಗುವುದರಿಂದ ಆಗ ಸೇರುವೆಗಳೂ ದಪ್ಪ ಅಕ್ಷರಗಳೂ ಇರುವುದಿಲ್ಲ. ಪ್ರೆಸ್ಸಿನ ರಿಪ್ ಇದನ್ನು ಸರಿಯಾಗಿ ಓದುವಂತಿದ್ದರೆ ಎಕ್ಸ್-4 ಕೊಡುವುದೇ ಮೇಲು. ಹಳೆಯ ರಿಪ್ ಇರುವ ಕಡೆ ಹಾಗೆ ಕೊಟ್ಟರೆ ಲೆಕ್ಕ ನಮ್ಮ ಕೈತಪ್ಪಿ, ರಾತ್ರಿ ಪಾಳಿಯಲ್ಲಿ ಯಾರೂ ನೋಡದೆ ಆಗಿಬಿಡುತ್ತದೆ. ಅಂಥ ಕಡೆಗೆ ಎಕ್ಸ್-1ಎಯನ್ನು ನಾವೇ ಮಾಡಿ, ಪ್ಲೇಟು ಪ್ಲೇಟಾಗಿ ನೋಡಿ ಕೊಡುವುದೇ ಸರಿ. ಹಾಗಾಗಿ ವಿನ್ಯಾಸ ಆರಂಭಿಸುವ ದಿನವೇ ಪ್ರೆಸ್ಸಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಬೇಕು: ಯಾವ ಎಕ್ಸ್ ಬೇಕು, ಯಾವ ಕಾಗದದ ಪ್ರೊಫೈಲು? ಪುಟ ಮುಗಿದ ಮೇಲೆ ಕೇಳಿದರೆ, ಆ ಹೊತ್ತಿಗೆ ಪದರಗಳ ಕ್ರಮ, ಬ್ಲೆಂಡ್ ಸ್ಪೇಸ್, ಕಪ್ಪಿನ ಬಗೆ ಎಲ್ಲವೂ ತೀರ್ಮಾನವಾಗಿಹೋಗಿರುತ್ತವೆ. ಉತ್ತರ ಸಿಕ್ಕರೂ ಪುಟವನ್ನು ಮತ್ತೆ ಕಟ್ಟಬೇಕಾಗುತ್ತದೆ.