ಕುದಿಸಿದರೆ ಸಾಯೋದು ಬ್ಯಾಕ್ಟೀರಿಯಾ, ವಿಷ ಅಲ್ಲ

ಮೀನಿನ ಸುರಕ್ಷತೆ ಬಗ್ಗೆ ನಡೆಯುವ ಕ್ವಿಜ್‌ಗಳಲ್ಲಿ ಆಗಾಗ ಬರುವ ಪ್ರಶ್ನೆ ಇದು. ಕೆಟ್ಟ ಮೀನಿನಲ್ಲಿರುವ ಹಿಸ್ಟಮಿನ್ ಯಾವುದರಿಂದ ನಾಶವಾಗುತ್ತದೆ? ಕುದಿಸುವುದು, ಹುರಿಯುವುದು, ಫ್ರೀಜರ್‌ನಲ್ಲಿ ಇಡುವುದು, ಯಾವುದೂ ಅಲ್ಲ. ಸರಿ ಉತ್ತರ ಕೊನೆಯದು. ನಮ್ಮ ತುರುವೇಕೆರೆ ಕಡೆ ಕೇಳಿ ನೋಡಿ, "ಹುಣಸೆಹುಳಿ, ಅರಿಶಿನ ಹಾಕಿ ಚೆನ್ನಾಗಿ ಕುದಿಸಿದ್ರೆ ಏನೂ ಆಗಲ್ಲ" ಅಂತಾರೆ. ಈ ಮಾತನ್ನು ಬಿಡಬೇಕು.

ನಮ್ಮ ಕೆರೆ ಮೀನು ಬೆಳಗ್ಗೆ ಹಿಡಿದು ಮಧ್ಯಾಹ್ನಕ್ಕೆ ಸಾರಾಗುತ್ತೆ. ಬಂಗುಡೆ, ಬೂತಾಯಿ ಹಾಗಲ್ಲ. ಕರಾವಳಿಯಿಂದ ಘಾಟಿ ಹತ್ತಿ, ಹಾಸನ ದಾಟಿ ಬರಬೇಕು. ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ವಸ್ತು ಹುಟ್ಟಿನಿಂದಲೇ ಜಾಸ್ತಿ ಇರುತ್ತೆ. ಅದರಿಂದ ತೊಂದರೆ ಇಲ್ಲ. ಆದರೆ ಮೀನು ಬಿಸಿಯಾದರೆ ಅದರ ಕಿವಿರು, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾ ಮಾಂಸಕ್ಕೆ ಹರಡಿ, ತಮ್ಮ ಕಿಣ್ವದಿಂದ ಹಿಸ್ಟಿಡಿನ್ನನ್ನು ಹಿಸ್ಟಮಿನ್ ಮಾಡುತ್ತವೆ. ನಮ್ಮ ಬೇಸಿಗೆಯ ಬಿಸಿಲಿಗೆ ಇದಕ್ಕೆ ಕೆಲವು ಗಂಟೆ ಸಾಕು. ಆಮೇಲೆ ಐಸ್ ಸುರಿದರೆ ಮುಂದೆ ಆಗುವುದು ನಿಧಾನವಾಗುತ್ತೆ, ಆಗಿಹೋದದ್ದು ಹೋಗಲ್ಲ. ಮೂಗಿಗೆ ಹಿಡಿದು ನೋಡುವುದನ್ನೂ ಪೂರ್ತಿ ನಂಬಬೇಡಿ, ವಾಸನೆ ಬರುವ ಮೊದಲೇ ವಿಷ ಕೂಡಿರಬಹುದು.

ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಆಯಿತು. ಭಾನುವಾರ ಹತ್ತು ಗಂಟೆಗೆ ಬಂಗುಡೆ ತಗೊಂಡು, ಕವರನ್ನು ಬೈಕಿನ ಹ್ಯಾಂಡಲ್‌ಗೆ ನೇತುಹಾಕಿ ತೋಟಕ್ಕೆ ಹೋದರು. ಕಾಯಿ ಕೀಳಿಸಿ ಮನೆಗೆ ಬಂದಾಗ ಎರಡು ಗಂಟೆ. ಊಟ ಮಾಡಿ ಅರ್ಧ ಗಂಟೆಯಲ್ಲಿ ಅತ್ತೆ, ಸೊಸೆ ಇಬ್ಬರ ಮುಖವೂ ಕೆಂಪಾಯಿತು. ಬಾಯಲ್ಲಿ ಮೆಣಸು ಕಚ್ಚಿದಂಥ ಉರಿ, ತಲೆನೋವು, ಎದೆ ಡವಡವ. ಇಂಜೆಕ್ಷನ್ ಕೊಟ್ಟವರು "ಮೀನಿನ ಅಲರ್ಜಿ, ಇನ್ಮೇಲೆ ತಿನ್ನಬೇಡಿ" ಅಂದರು. ಅಂದಿನಿಂದ ಆ ಮನೆಗೆ ಮೀನೇ ಇಲ್ಲ.

ಇದು ಅಲರ್ಜಿಯಂತೆ ಕಾಣುವುದಕ್ಕೆ ಕಾರಣವಿದೆ. ಅಲರ್ಜಿಯಾದಾಗ ನಮ್ಮ ದೇಹ ತಾನೇ ಬಿಡುವುದೂ ಹಿಸ್ಟಮಿನ್ನೇ. ಅದೇ ಮಾತ್ರೆ, ಅದೇ ಇಂಜೆಕ್ಷನ್ನಿಗೆ ಇದೂ ಇಳಿಯುತ್ತೆ. ಆದರೆ ವರ್ಷಗಟ್ಟಲೆ ಬಂಗುಡೆ ತಿಂದು ಏನೂ ಆಗದ ಇಬ್ಬರಿಗೆ ಒಂದೇ ದಿನ, ಒಂದೇ ಸಾರಿನಿಂದ ಅಲರ್ಜಿ ಶುರುವಾಯಿತು ಅಂದರೆ ನಂಬುವುದು ಕಷ್ಟ. ಡಾಕ್ಟರ್ ಹತ್ತಿರ ಹೋದಾಗ ಯಾವ ಮೀನು, ಇನ್ಯಾರಿಗೆ ಆಯಿತು ಎರಡನ್ನೂ ಹೇಳಿ. ಆಸ್ತಮಾ, ಹೃದಯದ ಕಾಯಿಲೆ ಇದ್ದವರಿಗೆ ಅಥವಾ ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ದೇಶದ ಆಹಾರ ನಿಯಮ ಇಂಥ ಮೀನಿಗೆ ಮಿತಿ ಹಾಕಿದೆ. ಒಂದು ಕಿಲೋದಲ್ಲಿ 200 ಮಿಲಿಗ್ರಾಂ ಹಿಸ್ಟಮಿನ್ ದಾಟುವಂತಿಲ್ಲ. ಇದನ್ನು ಅಳೆಯುವುದು ಲ್ಯಾಬಿನಲ್ಲಿ, ರಸ್ತೆ ಬದಿಯ ಹಲಗೆಯ ಮೇಲಲ್ಲ. ಹಲಗೆಯ ಮುಂದೆ ನಿಂತ ನಮಗೆ ಕಾಣುವುದು ಐಸ್ ಒಂದೇ. ಮೀನಿನಷ್ಟೇ ತೂಕದ ಐಸ್ ಇರಬೇಕು, ಮೀನು ಅದರೊಳಗೆ ಹೂತಿರಬೇಕು. ಮೇಲೆ ನಾಲ್ಕು ತುಂಡು ಉದುರಿಸಿ ನೀರು ಚಿಮುಕಿಸುವುದು ಹೊಳಪಿಗೆ ಅಷ್ಟೆ. ಐಸಿಗೆ ದುಡ್ಡು ಜಾಸ್ತಿ ಅನ್ನುತ್ತಾರೆ ಮಾರುವವರು. ಹೌದು, ಜಾಸ್ತಿ. ಕಿಲೋಗೆ ಹತ್ತು ರೂಪಾಯಿ ಏರಿಸಿ, ಕೊಡುತ್ತೇವೆ. ಚೌಕಾಸಿ ಮಾಡುವ ನಾವು ಕೂಡ ಕವರಿಗೆ ಒಂದು ಹಿಡಿ ಐಸ್ ಹಾಕಿಸಿಕೊಂಡು, ತೋಟ ಆಮೇಲೆ ನೋಡಿಕೊಂಡು, ಮೊದಲು ಮನೆಗೆ ಹೋಗೋಣ.