ಊಟ ಆಯ್ತಾ? ಎಲ್ಲಿಗೆ ಹೊರಟಿರಿ? – ಎರಡನೆಯ ಪ್ರಶ್ನೆಯ ಮಾತು

ಫಜ್ರ್ ನಮಾಝ್ ಮುಗಿಸಿ ಕೃಷ್ಣರಾಜನಗರದ ಯಾವುದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಹಾಲು ಕೊಂಡೊಯ್ಯುವವರೋ ಗದ್ದೆಗೆ ಹೊರಟವರೋ ಎದುರಾಗುತ್ತಾರೆ. "ಎತ್ಲಾಗೆ ಹೊಂಟ್ರಿ ಸಾಬ್ರೇ?" ಎನ್ನುತ್ತಾರೆ. "ಇಲ್ಲೇ, ಪ್ಯಾಟೆ ಕಡೆ" ಎನ್ನುತ್ತೇವೆ. ಅವರೂ ನಿಲ್ಲುವುದಿಲ್ಲ, ನಾವೂ ನಿಲ್ಲುವುದಿಲ್ಲ. ಮಧ್ಯಾಹ್ನ ಅದೇ ವ್ಯಕ್ತಿ ಸಿಕ್ಕರೆ ಪ್ರಶ್ನೆ ಬದಲಾಗಿರುತ್ತದೆ: "ಊಟ ಆಯ್ತಾ?" "ಆಯ್ತು, ನಿಮ್ದು?" "ಆಯ್ತು." ಅಷ್ಟಕ್ಕೆ ಮಾತು ಮುಗಿಯುತ್ತದೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ರಜೆಗೆ ಊರಿಗೆ ಬಂದಾಗ ಈ ಬಗ್ಗೆ ಬೇಸರದಿಂದಲೇ ಕೇಳಿದರು: "ಹಜ್ರತ್, ನಾನು ಎಲ್ಲಿಗೆ ಹೋದರೆ ಇವರಿಗೇನು? ತನಗೆ ಸಂಬಂಧಿಸದ ವಿಷಯವನ್ನು ಬಿಟ್ಟುಬಿಡುವುದು ಮನುಷ್ಯನ ಇಸ್ಲಾಮಿನ ಸೊಬಗು ಎಂದು ಪಾಠ ಹೇಳಿದವರು ನೀವೇ ಅಲ್ಲವೇ? ಊಟ ಹಾಕುವ ಉದ್ದೇಶವಿಲ್ಲದವರು ಊಟ ಆಯಿತೇ ಎಂದು ಕೇಳುವುದಾದರೂ ಏಕೆ?" ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಅವರಿಗೆ ನೀಡಿದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಬೀದಿಯಲ್ಲಿ ಕೇಳುವ ಈ ಮಾತುಗಳು ಪ್ರಶ್ನೆಯ ರೂಪದಲ್ಲಿದ್ದರೂ ಪ್ರಶ್ನೆಗಳಲ್ಲ. ಅದನ್ನು ತಿಳಿಯಲು ಉತ್ತರವನ್ನು ಗಮನಿಸಿದರೆ ಸಾಕು. "ಇಲ್ಲೇ", "ಹಿಂಗೇ ಸುಮ್ನೆ", "ಸ್ವಲ್ಪ ಕೆಲಸ ಐತೆ" ಎಂಬ ಉತ್ತರಗಳಲ್ಲಿ ಯಾವ ಮಾಹಿತಿಯೂ ಇಲ್ಲ. ಆದರೂ ಕೇಳಿದವರಿಗೆ ತೃಪ್ತಿಯಾಗುತ್ತದೆ. ಬದಲಾಗಿ ನಾವು ನಿಂತು, ತಾಲ್ಲೂಕು ಕಚೇರಿಗೆ ಪಹಣಿ ತರಲು ಹೊರಟಿದ್ದೇವೆ, ಅಲ್ಲಿಂದ ಹುಣಸೂರಿನ ಬಸ್ಸು ಹಿಡಿಯಬೇಕು ಎಂದು ವಿವರಿಸತೊಡಗಿದರೆ ಕೇಳಿದವರೇ ಗಲಿಬಿಲಿಗೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ನಮ್ಮ ಪ್ರಯಾಣದ ವಿವರವಲ್ಲ. 'ನಿಮ್ಮನ್ನು ಕಂಡೆ, ಕಂಡೂ ಕಾಣದಂತೆ ಹೋಗಲಿಲ್ಲ' ಎಂದು ತಿಳಿಸುವುದಷ್ಟೇ ಅವರ ಉದ್ದೇಶ.

ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇಂತಹ ಮಾತುಗಳಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದವರ ನಡುವೆ ಬಾಳಿದ್ದ ಅವರು, ವಿಷಯವನ್ನು ತಿಳಿಸಲು ಆಡುವ ಮಾತು ಬೇರೆ, ಮನುಷ್ಯರ ನಡುವಿನ ಮೌನವನ್ನು ಮುರಿದು ಬಂಧವನ್ನು ಹೆಣೆಯಲು ಆಡುವ ಮಾತು ಬೇರೆ ಎಂದು ತೋರಿಸಿದರು. ಪರಿಚಿತರಿಬ್ಬರು ಎದುರಾದಾಗ ಮೌನವು ಮುನಿಸಿನಂತೆ ತೋರುತ್ತದೆ. ಆ ಅನುಮಾನವನ್ನು ಕಳೆಯಲು ಏನಾದರೂ ಒಂದು ಮಾತು ಬೇಕು. ಆಗ ಕಣ್ಣಿಗೆ ಕಾಣುವ ಸಂಗತಿಯೇ ಸುಲಭವಾಗಿ ಒದಗುತ್ತದೆ. ಎದುರಿಗಿರುವವರು ನಡೆಯುತ್ತಿದ್ದಾರೆ, ಆದ್ದರಿಂದ "ಎಲ್ಲಿಗೆ?" ಉಣ್ಣುವ ಹೊತ್ತಾಗಿದೆ, ಆದ್ದರಿಂದ "ಊಟ ಆಯ್ತಾ?" ಕೈಯಲ್ಲಿ ಚೀಲವಿದ್ದರೆ "ಸಂತೆಗಾ?" ಎನ್ನುವುದೂ ಇದೇ ಬಗೆಯದು. ಉತ್ತರ ಕಣ್ಣೆದುರೇ ಇದ್ದರೂ ಕೇಳುತ್ತೇವೆ, ಏಕೆಂದರೆ ಉತ್ತರಕ್ಕಾಗಿ ಕೇಳುವುದಲ್ಲ.

ಇದು ನಮ್ಮ ಸೀಮೆಯದಷ್ಟೇ ಅಲ್ಲ. ಚೀನೀಯರಲ್ಲಿ 'ಉಂಡಿರಾ?' ಎಂಬುದು ಹಳೆಯ ಕುಶಲಪ್ರಶ್ನೆ. ಮಲಯರು "ಸುದಾ ಮಾಕಾನ್?" ಎಂದು ಊಟವನ್ನೇ ಕೇಳುತ್ತಾರೆ. ಇಂಡೋನೇಷ್ಯಾದಲ್ಲಿ "ಮಾವು ಕೆ ಮಾನಾ?", ಅಂದರೆ 'ಎಲ್ಲಿಗೆ ಹೊರಟಿರಿ?' ಎಂದು ಕೇಳಿದರೆ, "ಜಲನ್ ಜಲನ್", ಅಂದರೆ 'ಸುಮ್ಮನೆ ಅಡ್ಡಾಡುತ್ತಿದ್ದೇನೆ' ಎಂದರೆ ಸಾಕು. ನಮ್ಮ "ಹಿಂಗೇ ಸುಮ್ನೆ" ಎಂಬುದರ ಅವಳಿ ಅದು. ಬರಗಾಲದ ಹಸಿವು ಈ ಪ್ರಶ್ನೆಯನ್ನು ಹುಟ್ಟಿಸಿತು ಎಂದು ಕೆಲವರು ಹೇಳುವುದುಂಟು. 1876ರಿಂದ 1878ರವರೆಗಿನ ಘೋರ ಕ್ಷಾಮ ಮೈಸೂರು ಸೀಮೆಯನ್ನು ಹಿಂಡಿದ್ದು ನಿಜ. ಆದರೆ ಕಾವೇರಿ ನಾಲೆಗಳ ನೀರುಂಡು ಭತ್ತ ಬೆಳೆಯುವ ನಮ್ಮ ತಾಲ್ಲೂಕಿನಲ್ಲಿ ಕಣಜ ತುಂಬಿದವರೂ ಕಣಜ ತುಂಬಿದವರನ್ನೇ ಹೀಗೆ ಕೇಳುತ್ತಾರೆ. ಹಸಿವು ಈ ಮಾತಿಗೆ ತೂಕವನ್ನು ಕೊಟ್ಟಿರಬಹುದು. ಇಂದಿಗೂ ಅದನ್ನು ಬದುಕಿಸಿರುವುದು ಮಾತ್ರ ನೆರೆಹೊರೆ.

ಭಾಷೆಯ ಒಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. 'ಉಂಡೆಯಾ?' ಎಂದರೆ ಕಿರಿಯರಿಗೆ, 'ಉಂಡಿರಾ?' ಎಂದರೆ ಹಿರಿಯರಿಗೆ. ಕ್ರಿಯಾಪದವೇ ಎದುರಿನವರ ಸ್ಥಾನವನ್ನು ಹೇಳಿಬಿಡುತ್ತದೆ. ಆದರೆ 'ಊಟ ಆಯ್ತಾ?' ಎಂಬ ವಾಕ್ಯದಲ್ಲಿ ಕರ್ತೃಪದ ಊಟವೇ ಹೊರತು ವ್ಯಕ್ತಿಯಲ್ಲ. ನೀನು, ನೀವು ಎಂಬ ತೊಡಕು ಅಲ್ಲಿಲ್ಲ. ಮಗುವಿಗೂ ಅಜ್ಜನಿಗೂ, ಜಮೀನಿನ ಯಜಮಾನನಿಗೂ ಕೂಲಿಯಾಳಿಗೂ ಅದೇ ಮಾತು ಒಪ್ಪುತ್ತದೆ. ನಮ್ಮ ಮನೆಗಳ ದಖನಿಯಲ್ಲಿ "ಖಾನಾ ಹುವಾ?" ಎನ್ನುವುದೂ ಇದೇ ಕಟ್ಟಿನಲ್ಲಿದೆ. ನುಡಿ ಉರ್ದುವಿನದು, ನಡೆ ಕನ್ನಡದ್ದು.

ಇನ್ನೊಂದು ಸಂಗತಿ. ನಾವು ಪರಸ್ಪರ ಭೇಟಿಯಾದಾಗ ಸಲಾಮ್ ಹೇಳುತ್ತೇವೆ. ಅದರ ಸ್ಥಾನವನ್ನು ಬೇರಾವ ಮಾತೂ ತುಂಬಲಾರದು, ಏಕೆಂದರೆ ಅದು ಬರಿಯ ಕುಶಲವಲ್ಲ, ದುಆ. "ಊಟ ಆಯ್ತಾ" ಎಂಬುದು ಸಲಾಮಿನ ಬದಲಿಗೆ ಬರಬಾರದು, ಅದರ ನಂತರ ಬರಬೇಕು. ಆದರೆ ಪಕ್ಕದ ಮನೆಯ ಗೌಡರಿಗೂ ನಮಗೂ ನಡುವೆ ಯಾವ ಧರ್ಮದ ಮುದ್ರೆಯೂ ಇಲ್ಲದೆ, ಇಬ್ಬರಿಗೂ ಸಮನಾಗಿ ಸೇರಿದ ಕುಶಲವೆಂದರೆ ಇದೇ. ರಮಝಾನಿನಲ್ಲಿ ಅವರು ಅಭ್ಯಾಸಬಲದಿಂದ "ಊಟ ಆಯ್ತಾ?" ಎಂದು ಕೇಳಿ, ಮರುಕ್ಷಣವೇ "ಓ, ಉಪವಾಸ ಅಲ್ವಾ! ಸಂಜೆ ಎಷ್ಟೊತ್ತಿಗೆ ಬಿಡ್ತೀರಿ?" ಎನ್ನುವುದನ್ನು ನಮ್ಮಲ್ಲಿ ಕೇಳದವರಾರು? ಆ ತಿದ್ದುಪಡಿಯಲ್ಲಿಯೇ ನೆರೆತನವಿದೆ.

ಹಾಗಾದರೆ ನಮ್ಮ ಯುವಕರ ದೂರಿನಲ್ಲಿ ಹುರುಳಿಲ್ಲವೇ? ಇದೆ. ಕುಶಲವು ಯಾವಾಗ ವಿಚಾರಣೆಯಾಗುತ್ತದೆ ಎಂಬುದನ್ನು ಗುರುತಿಸುವ ಒಂದು ಅಳತೆ ನಮಗೆ ತೋಚಿದೆ. ಅದು ಎರಡನೆಯ ಪ್ರಶ್ನೆ.

"ಎಲ್ಲಿಗೆ?" ಎಂದಾಗ "ಇಲ್ಲೇ" ಎಂಬ ಉತ್ತರವನ್ನು ಒಪ್ಪಿ ಮುಂದೆ ಸಾಗಿದರೆ ಅದು ಕುಶಲ. "ಇಲ್ಲೇ ಅಂದ್ರೆ ಎಲ್ಲಿ? ಯಾಕೆ? ಯಾರ ಜೊತೆ?" ಎಂದು ಮುಂದುವರಿದರೆ ಅದು ಕಾವಲು. ಕಾಲೇಜಿಗೆ ಹೊರಟ ನಮ್ಮ ಹೆಣ್ಣುಮಕ್ಕಳನ್ನು ಬೀದಿಯ ಕಟ್ಟೆಯ ಮೇಲೆ ಕುಳಿತವರು ದಿನವೂ ಹೀಗೆ ಪ್ರಶ್ನಿಸುವುದು ಕಾಳಜಿಯಲ್ಲ. ತನಗೆ ಸಂಬಂಧಿಸದ್ದನ್ನು ಬಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆ ಅನ್ವಯಿಸುವುದು ಅಲ್ಲಿ. ನಮ್ಮ ಹಿರಿಯರಿಗೂ ಈ ಗಡಿ ಗೊತ್ತಿತ್ತು. ಪ್ರಯಾಣಕ್ಕೆ ಸಿದ್ಧರಾಗಿ ಹೊಸ್ತಿಲು ದಾಟುವವರನ್ನು 'ಎಲ್ಲಿಗೆ' ಎಂದು ಕೇಳಬಾರದು, 'ದೂರ ಹೊರಟಿರಾ?' ಎನ್ನಬೇಕು ಎಂಬ ರೂಢಿ ಈ ಸೀಮೆಯಲ್ಲಿದೆ. ಕೇಳಿದರೆ ಕೆಲಸ ಕೆಡುತ್ತದೆ ಎಂಬ ಅಪಶಕುನದ ನಂಬಿಕೆಗೆ ನಮ್ಮ ದೀನಿನಲ್ಲಿ ಸ್ಥಾನವಿಲ್ಲ. ಆದರೆ ಆ ರೂಢಿಯೊಳಗಿನ ವಿವೇಕವನ್ನು ತಳ್ಳಿಹಾಕಬೇಕಿಲ್ಲ. 'ದೂರವೇ?' ಎಂದರೆ ಹೌದು, ಇಲ್ಲ ಎನ್ನಬಹುದು, ಗುಟ್ಟು ಅವರ ಬಳಿಯೇ ಉಳಿಯುತ್ತದೆ.

ಊಟದ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಡನೆಯ ಪ್ರಶ್ನೆಯನ್ನು ಕೇಳಲೇಬೇಕಾದ ಸಂದರ್ಭಗಳಿವೆ. ನಾವು ಅದನ್ನು ಕಲಿತದ್ದು ನಮ್ಮದೇ ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನಾವು ಬೆಳಗಿನ ಮಕ್ತಬಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ "ತಿಂಡಿ ಆಯ್ತಾ?" ಎಂದು ಕೇಳುವುದು ನಮ್ಮ ಅಭ್ಯಾಸವಾಗಿತ್ತು. ಒಂಬತ್ತು ವರ್ಷದ ಒಬ್ಬ ಹುಡುಗ ದಿನವೂ "ಆಯ್ತು ಹಜ್ರತ್" ಎಂದು ಒಳಗೆ ಹೋಗುತ್ತಿದ್ದ. ಭತ್ತದ ನಾಟಿಯ ಕಾಲ. ಸಬಕ್ ಓದುವಾಗ ಅವನ ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ಸೋಮಾರಿತನವೆಂದು ಭಾವಿಸಿ ಎರಡು ಬಾರಿ ಗದರಿಸಿದ್ದೆವು. ಒಂದು ದಿನ ಏಕೋ "ಏನು ತಿಂದೆ?" ಎಂದು ಕೇಳಿದೆವು. ಹುಡುಗ ಮಾತಾಡಲಿಲ್ಲ. ತಂದೆಯಿಲ್ಲದ ಮನೆ, ತಾಯಿ ಕತ್ತಲಿರುವಾಗಲೇ ನಾಟಿಯ ಕೂಲಿಗೆ ಹೋಗುತ್ತಿದ್ದರು, ಶಾಲೆಯಲ್ಲಿ ಬಿಸಿಯೂಟ ಬಡಿಸುವವರೆಗೆ ಅವನ ಹೊಟ್ಟೆಗೆ ಏನೂ ಇರುತ್ತಿರಲಿಲ್ಲ ಎಂಬುದು ನಂತರ ತಿಳಿಯಿತು. ವಾರಗಟ್ಟಲೆ ನಾವು ಕೇಳಿದ್ದೆವು, ಅವನು ಉತ್ತರಿಸಿದ್ದ. ನಮ್ಮದು ಪ್ರಶ್ನೆಯಾಗಿರಲಿಲ್ಲ, ಅವನದು ಉತ್ತರವಾಗಿರಲಿಲ್ಲ.

ಉಣ್ಣದಿದ್ದರೂ 'ಆಯ್ತು' ಎನ್ನುವುದು ಸುಳ್ಳಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಅಸ್ಮಾ ಬಿಂತ್ ಯಝೀದ್(ರ) ವರದಿ ಮಾಡಿದ, ಇಬ್ನ್ ಮಾಜಃ ಸಂಗ್ರಹದಲ್ಲಿರುವ ಹದೀಸೊಂದು ಇಲ್ಲಿ ದಾರಿ ತೋರಿಸುತ್ತದೆ. ಪ್ರವಾದಿವರ್ಯರು(ಸ) ತಮ್ಮ ಮುಂದೆ ಬಂದ ಆಹಾರವನ್ನು ಅಲ್ಲಿದ್ದ ಮಹಿಳೆಯರಿಗೆ ನೀಡಿದಾಗ ಅವರು ಸಂಕೋಚದಿಂದ ತಮಗೆ ಬೇಡವೆಂದರು. ಆಗ ಪ್ರವಾದಿವರ್ಯರು(ಸ), ಹಸಿವಿನ ಜೊತೆಗೆ ಸುಳ್ಳನ್ನೂ ಕೂಡಿಸಿಕೊಳ್ಳಬಾರದೆಂದು ತಿಳಿಹೇಳಿದರು. ಅಲ್ಲಿ ಆಹಾರ ಎದುರಿಗೇ ಇತ್ತು ಎಂಬುದನ್ನು ಗಮನಿಸಿ. ನಡುಬೀದಿಯಲ್ಲಿ ಹೇಳುವ 'ಆಯ್ತು' ಕುಶಲಕ್ಕೆ ಮರುಕುಶಲ, ಅದರಿಂದ ಯಾರೂ ಮೋಸಹೋಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಹೊಸ್ತಿಲೊಳಗೆ, ತಟ್ಟೆ ಮುಂದಿಟ್ಟು ಕೇಳಿದಾಗ ಅದೇ ಮಾತು ನಿಜವಾದ ಪ್ರಶ್ನೆಯಾಗುತ್ತದೆ. ಅಲ್ಲಿ ಉತ್ತರವೂ ನಿಜವಾಗಿರಬೇಕು.

ಸತ್ಯದ ಹೊಣೆ ಉತ್ತರಿಸುವವರದಷ್ಟೇ ಅಲ್ಲ, ಕೇಳುವವರದೂ ಹೌದು. ಬರಿಗೈಯಲ್ಲಿ, ನಡೆಯುತ್ತಲೇ ಕೇಳಿದರೆ ಹಸಿದವರು 'ಆಯ್ತು' ಎಂದೇ ಅನ್ನುತ್ತಾರೆ, ಏಕೆಂದರೆ 'ಇಲ್ಲ' ಎನ್ನುವುದು ಬೇಡಿದಂತಾಗುತ್ತದೆ. ನಮ್ಮ ತಾಯಂದಿರು "ಊಟ ಆಯ್ತಾ?" ಎಂದ ಮೇಲೆ "ಏನು ಸಾರು?" ಎಂದು ಕೇಳುತ್ತಿದ್ದರು. ನಗುತ್ತಾ ಕೇಳುವ ಆ ಮಾತಿಗೆ ತಡವರಿಸಿದವರ ಮುಂದೆ ಸದ್ದಿಲ್ಲದೆ ತಟ್ಟೆ ಬರುತ್ತಿತ್ತು. ಇಸ್ಲಾಮಿನಲ್ಲಿ ಯಾವುದು ಉತ್ತಮವೆಂದು ಒಬ್ಬರು ವಿಚಾರಿಸಿದಾಗ ಪ್ರವಾದಿವರ್ಯರು(ಸ) ಎರಡು ಸಂಗತಿಗಳನ್ನು ಒಟ್ಟಿಗೆ ಹೇಳಿದರೆಂದು ಬುಖಾರಿಯಲ್ಲಿದೆ: ಉಣಬಡಿಸುವುದು ಮತ್ತು ಪರಿಚಿತರಿಗೂ ಅಪರಿಚಿತರಿಗೂ ಸಲಾಮ್ ಹೇಳುವುದು. ನಮ್ಮ ಸೀಮೆಯ ಕುಶಲಪ್ರಶ್ನೆಯಲ್ಲಿ ಈ ಎರಡೂ ಅಂಶಗಳು ಅಕ್ಕಪಕ್ಕದಲ್ಲಿವೆ.

ಆದ್ದರಿಂದ ನಮ್ಮ ಯುವಕರಲ್ಲಿ ಹೇಳುವುದಿಷ್ಟು: ಊರಿನವರು "ಎಲ್ಲಿಗೆ?" ಎಂದರೆ "ಇಲ್ಲೇ" ಎಂದು ಮುಗುಳ್ನಕ್ಕು ಸಾಗಿರಿ. ನೀವೇ ಕೇಳುವವರಾದಾಗ ಅಷ್ಟಕ್ಕೇ ನಿಲ್ಲಿಸಿರಿ. ಊಟ ಆಯಿತೇ ಎಂದು ಕೇಳಿದಾಗ ಮಾತ್ರ ಎದುರಿನವರ ಮುಖವನ್ನೊಮ್ಮೆ ನೋಡಿರಿ. ಆ ಹುಡುಗನ ನಂತರ ನಮ್ಮ ಮಕ್ತಬಿನ ಕಪಾಟಿನಲ್ಲಿ ಬನ್ನಿನ ಡಬ್ಬಿಯೊಂದು ಸದಾ ಇರುತ್ತದೆ. ನಾವೀಗ "ತಿಂಡಿ ಆಯ್ತಾ?" ಎಂದು ಕೇಳುವುದು ಅದರ ಮುಚ್ಚಳವನ್ನು ತೆರೆದ ಮೇಲೆಯೇ.